ಗಡುವು ಮುಂದಕ್ಕೆ ಹೋದರೆ ಸಾಲ ತೀರಿತೇ?



ನಮ್ಮ ತೋಟಗಳ ಲೈನುಗಳಲ್ಲಿ ಒಂದು ಮಾತು ಆಗಾಗ್ಗೆ ಕೇಳಿಬರುತ್ತದೆ. ಯಾವುದಾದರೂ ಕಷ್ಟಕಾಲ ಬಂದಿತೆನ್ನಿ. ಮಳೆಯಲ್ಲಿ ಗುಡ್ಡ ಜರಿಯಿತು, ರೋಗ ಹಬ್ಬಿತು, ತೋಟ ಬಾಗಿಲು ಹಾಕಿತು. ಆಗ ಪಟ್ಟಣದಿಂದ ಒಬ್ಬ ಮುಖಂಡ ಬರುತ್ತಾನೆ, ಮೈಕಿನ ಮುಂದೆ ನಿಲ್ಲುತ್ತಾನೆ, "ನಿಮ್ಮ ಸಾಲಕ್ಕೆ ಮೊರಟೋರಿಯಂ ತಂದಿದ್ದೇವೆ" ಎನ್ನುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ಮನೆಗೆ ಹಿಂತಿರುಗಿದ ಅಜ್ಜಿ "ಏನಂತೆ?" ಎಂದು ಕೇಳಿದರೆ ಮಗ ಹೇಳುತ್ತಾನೆ, "ಸಾಲ ಮನ್ನಾ ಆಯಿತಂತೆ." ಸಭೆಯಿಂದ ಮನೆಗೆ ನಡೆದು ಬರುವಷ್ಟರಲ್ಲಿ ಒಂದು ಮಾತು ಇನ್ನೊಂದಾಯಿತು. ಆ ಮಾತಿನ ಬೆಲೆಯನ್ನು ಆರು ತಿಂಗಳ ಮೇಲೆ ಅದೇ ಮನೆಯವರು ತೆರಬೇಕಾಗುತ್ತದೆ.

ತಪ್ಪು ಅಜ್ಜಿಯದ್ದಲ್ಲ, ಮಗನದ್ದೂ ಅಲ್ಲ. ಜನರಿಗೆ ತಿಳಿಯದ ಪದವನ್ನು ಆರಿಸಿಕೊಂಡು, ಅವರು ಅದನ್ನು ತಪ್ಪಾಗಿ ತಿಳಿದುಕೊಂಡಾಗ ತಿದ್ದದೆ ಚಪ್ಪಾಳೆಯನ್ನು ಜೇಬಿಗೆ ಹಾಕಿಕೊಂಡವರದ್ದು ತಪ್ಪು. ಅದನ್ನು ಬಿಚ್ಚಿ ಹೇಳುವುದಕ್ಕಾಗಿಯೇ ಈ ಲೇಖನ.

ಮೊರಟೋರಿಯಂ ಎಂಬುದು ಲ್ಯಾಟಿನ್ ಭಾಷೆಯಿಂದ ಬಂದ ಮಾತು. ಅದರ ಬೇರಿನ ಅರ್ಥ "ತಡಮಾಡುವುದು" ಎಂದಷ್ಟೇ. ಕೊಡಬೇಕಾದುದನ್ನು ಕೊಡುವುದಕ್ಕೆ ಸ್ವಲ್ಪ ಕಾಲ ತಡೆ. ಕೊಡಬೇಕಾದುದು ಕೊಡಬೇಕಾದುದಾಗಿಯೇ ಉಳಿಯುತ್ತದೆ. ಮನ್ನಾ ಎಂದರೆ ಸಾಲದ ಪುಸ್ತಕದಿಂದ ಆ ಸಾಲನ್ನೇ ಹೊಡೆದುಹಾಕುವುದು. ಸುವಾರ್ತೆಯ ಸಾಮ್ಯದಲ್ಲಿ ಒಡೆಯನ ಮುಂದೆ ಅಡ್ಡಬಿದ್ದ ಸೇವಕನು ಕೇಳಿಕೊಂಡದ್ದು ಸಮಯವನ್ನು. ಒಡೆಯನು ಕನಿಕರಪಟ್ಟು ಕೊಟ್ಟದ್ದು ಮನ್ನಾ. ಆ ಎರಡರ ನಡುವೆ ಇರುವ ಅಂತರವೇ ಮೊರಟೋರಿಯಂಗೂ ಮನ್ನಾಕ್ಕೂ ಇರುವ ಅಂತರ.

ನಮ್ಮಲ್ಲಿ ವಯಸ್ಸಾದವರಿಗೆ ಈ ಗೊಂದಲ ಬರುವುದಕ್ಕೆ ಒಂದು ಕಾರಣವೂ ಇದೆ. 1975ರಲ್ಲಿ ತುರ್ತು ಪರಿಸ್ಥಿತಿಯ ಕಾಲದ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ ಭೂಮಿಯಿಲ್ಲದ ಕೂಲಿಗಳು, ಸಣ್ಣ ರೈತರು ಮತ್ತು ಕುಶಲಕರ್ಮಿಗಳಿಂದ ಸಾಲ ವಸೂಲಿಮಾಡುವುದಕ್ಕೆ ತಡೆ ತರುವುದೂ ಒಂದು ಅಂಶವಾಗಿತ್ತು. ಅದರ ಬೆನ್ನಿಗೆ ಕರ್ನಾಟಕವು 1976ರಲ್ಲಿ ಋಣ ಪರಿಹಾರ ಕಾಯಿದೆಯನ್ನು ತಂದಿತು. ಆ ಕಾಯಿದೆ ತಡೆಯಲ್ಲಿ ನಿಲ್ಲಲಿಲ್ಲ. ಬಡವರು ಖಾಸಗಿ ಸಾಹುಕಾರರಿಗೆ ಕೊಡಬೇಕಾಗಿದ್ದ ಸಾಲವನ್ನೇ ತೀರಿತೆಂದು ಹೇಳಿತು, ಅಡವಿಟ್ಟ ಒಡವೆ ಪಾತ್ರೆಗಳನ್ನು ಹಿಂದಕ್ಕೆ ಕೊಡಬೇಕೆಂದಿತು. ಆದರೆ ಬ್ಯಾಂಕು ಮತ್ತು ಸಹಕಾರಿ ಸಂಘಗಳ ಸಾಲಗಳನ್ನು ಅದು ಮುಟ್ಟಲಿಲ್ಲ. ಗಡಿಯಾಚೆಯಿಂದ ತೋಟಕ್ಕೆ ಬಂದ ಕುಟುಂಬಗಳಲ್ಲಿ ಆ ಕಾಲದ ನೆನಪು ಇನ್ನೂ ಇರಬಹುದು. ಆದರೆ ಈಗಿನ ಮೊರಟೋರಿಯಂ ಅದರ ತಿರುವುಮುರುವು. ಈಗ ತಡೆ ಬರುವುದು ಬ್ಯಾಂಕು ಮತ್ತು ನೋಂದಾಯಿತ ಹಣಕಾಸು ಕಂಪೆನಿಗಳ ಸಾಲಕ್ಕೆ. ಬಡ್ಡಿ ಅಂಗಡಿಯವನ, ಬಟವಾಡೆಯ ದಿನ ಗೇಟಿನ ಬಳಿ ಕಾದು ನಿಲ್ಲುವವನ ಸಾಲವನ್ನು ಅದು ಮುಟ್ಟುವುದೇ ಇಲ್ಲ.

ಈಗ ನಾವೆಲ್ಲರೂ ಕಂಡ ಒಂದು ಮೊರಟೋರಿಯಂನ್ನೇ ತೆಗೆದುಕೊಳ್ಳೋಣ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಬಂದು ದೇಶವೆಲ್ಲ ಬಾಗಿಲು ಹಾಕಿದಾಗ, ಆ ತಿಂಗಳ 27ರಂದು ರಿಸರ್ವ್ ಬ್ಯಾಂಕು ಒಂದು ಪ್ರಕಟಣೆ ಹೊರಡಿಸಿತು. ಮಾರ್ಚ್ 1ರಿಂದ ಮೇ 31ರ ತನಕ ಬೀಳುವ ಕಂತುಗಳನ್ನು ಮುಂದಕ್ಕೆ ಹಾಕಬಹುದು ಎಂದಿತು. ಮೇ ತಿಂಗಳಲ್ಲಿ ಇದನ್ನು ಇನ್ನೂ ಮೂರು ತಿಂಗಳು ಬೆಳೆಸಿ ಆಗಸ್ಟ್ 31ರ ತನಕ ಮಾಡಿತು. ಒಟ್ಟು ಆರು ತಿಂಗಳು.

ಆ ಪ್ರಕಟಣೆಯಲ್ಲಿ ಎರಡು ಸಂಗತಿಗಳಿದ್ದವು. ಮೈಕಿನ ಮುಂದೆ ನಿಂತವರು ಅವೆರಡನ್ನೂ ನುಂಗಿಕೊಂಡರು. ಮೊದಲನೆಯದು, ಸಾಲ ಕೊಟ್ಟ ಸಂಸ್ಥೆಗಳಿಗೆ ಇದು ಅನುಮತಿಯಾಗಿತ್ತು, ಆಜ್ಞೆಯಾಗಿರಲಿಲ್ಲ. ಪ್ರತಿಯೊಂದು ಬ್ಯಾಂಕಿನ, ಪ್ರತಿಯೊಂದು ಕಂಪೆನಿಯ ಆಡಳಿತ ಮಂಡಳಿ ತಾನೇ ತೀರ್ಮಾನಿಸಬೇಕಿತ್ತು. ಆದ್ದರಿಂದಲೇ ಒಂದು ಕಡೆ ಕೇಳದೆಯೇ ಕಂತು ನಿಂತಿತು, ಇನ್ನೊಂದು ಕಡೆ ಅರ್ಜಿ ಕೊಟ್ಟವರಿಗೆ ಮಾತ್ರ ನಿಂತಿತು. ಎರಡನೆಯದು, ತಡೆಯ ಅವಧಿಯಲ್ಲಿಯೂ ಬಾಕಿಯ ಮೇಲೆ ಬಡ್ಡಿ ಏರುತ್ತಲೇ ಹೋಗುತ್ತದೆಂದು ಆ ಪ್ರಕಟಣೆಯೇ ಸ್ಪಷ್ಟವಾಗಿ ಹೇಳಿತ್ತು. ಕಂತಿಗೆ ರಜೆ, ಬಡ್ಡಿಗೆ ರಜೆ ಇಲ್ಲ. ಮಳೆಗಾಲದಲ್ಲಿ ನಾವು ಎಲೆ ಕೀಳಲು ಹೋಗದಿದ್ದರೂ ಗಿಡ ಚಿಗುರುವುದು ನಿಲ್ಲುತ್ತದೆಯೇ? ಬಡ್ಡಿಯೂ ಹಾಗೆಯೇ.

ಬಾಯಿಮಾತು ಸಾಕು, ಲೆಕ್ಕ ಹಾಕಿ ನೋಡೋಣ. ಲೈನ್ ಮನೆಯ ಒಬ್ಬ ತಾಯಿಯನ್ನು ನಮ್ಮ ಲೆಕ್ಕಕ್ಕೋಸ್ಕರ ಮರಿಯಮ್ಮ ಎಂದು ಕರೆಯೋಣ. ಮಗಳ ಮದುವೆಗೆಂದು ಬ್ಯಾಂಕಿನಲ್ಲಿ 1,00,000 ರೂಪಾಯಿ ಸಾಲ ತೆಗೆದಿದ್ದಾಳೆ. ಬಡ್ಡಿ ವರ್ಷಕ್ಕೆ ನೂರಕ್ಕೆ 12, ಅಂದರೆ ತಿಂಗಳಿಗೆ ನೂರಕ್ಕೆ 1. ಎರಡು ವರ್ಷದಲ್ಲಿ, 24 ಕಂತುಗಳಲ್ಲಿ ತೀರಿಸಬೇಕು. ತಿಂಗಳ ಕಂತು ಸುಮಾರು 4,707 ರೂಪಾಯಿ. ಹೊಟ್ಟೆ ಬಟ್ಟೆ ಕಟ್ಟಿ 12 ಕಂತು ಕಟ್ಟಿದ್ದಾಳೆ. ಈಗ ಅಸಲಿನಲ್ಲಿ ಉಳಿದಿರುವುದು ಸುಮಾರು 52,980 ರೂಪಾಯಿ. ಆ ಹೊತ್ತಿಗೆ ಆರು ತಿಂಗಳ ಮೊರಟೋರಿಯಂ ಬಂತು, ಅವಳು ಒಪ್ಪಿದಳು.

ಮೊದಲ ತಿಂಗಳು ಬಾಕಿಯ ಮೇಲೆ ಸುಮಾರು 530 ರೂಪಾಯಿ ಬಡ್ಡಿ ಬಿತ್ತು. ಅದನ್ನು ಅವಳು ಕಟ್ಟಲಿಲ್ಲ, ಕಟ್ಟಬೇಕಾಗಿಯೂ ಇರಲಿಲ್ಲ. ಬ್ಯಾಂಕು ಅದನ್ನು ಬಾಕಿಗೆ ಸೇರಿಸಿತು. ಎರಡನೆಯ ತಿಂಗಳು ಆ ಹೆಚ್ಚಿದ ಬಾಕಿಯ ಮೇಲೆ ಬಡ್ಡಿ. ಹೀಗೆ ಆರು ತಿಂಗಳು ಕಳೆಯುವಾಗ ಬಾಕಿ 56,240 ರೂಪಾಯಿಯ ಹತ್ತಿರ ಬಂದು ನಿಂತಿತು. ಒಂದು ಪೈಸೆಯನ್ನೂ ಹೊಸದಾಗಿ ಸಾಲ ತೆಗೆಯದೆ, ಮನೆಯಲ್ಲಿ ಕುಳಿತಿದ್ದ ಹಾಗೆಯೇ ಅವಳ ಸಾಲ 3,260 ರೂಪಾಯಿಯಷ್ಟು ಬೆಳೆಯಿತು.

ಇನ್ನು ಮುಂದೆ ಎರಡು ದಾರಿ. ಕಂತು ಅಷ್ಟೇ ಇರಲಿ ಎಂದರೆ, 12 ಕಂತುಗಳಲ್ಲಿ ಮುಗಿಯಬೇಕಾಗಿದ್ದ ಸಾಲ ಮುಗಿಯುವುದಿಲ್ಲ. ಹದಿಮೂರನೆಯ ತಿಂಗಳಲ್ಲಿ ಸುಮಾರು 3,710 ರೂಪಾಯಿಯ ಒಂದು ಕಂತು ಹೆಚ್ಚಿಗೆ ಬರುತ್ತದೆ. ಅಥವಾ 12 ತಿಂಗಳಲ್ಲೇ ಮುಗಿಸುತ್ತೇನೆಂದರೆ, ತಿಂಗಳ ಕಂತು 4,707ರಿಂದ 4,997ಕ್ಕೆ ಏರುತ್ತದೆ. ಯಾವ ದಾರಿ ಹಿಡಿದರೂ ಆರು ತಿಂಗಳ ಉಸಿರಾಟಕ್ಕೆ ಮರಿಯಮ್ಮ ಮೂರೂವರೆ ಸಾವಿರದ ಆಸುಪಾಸು ತೆತ್ತಳು. ಅದು ಎಷ್ಟು ದಿನದ ಕೂಲಿ ಎಂಬುದನ್ನು ನಿಮ್ಮ ನಿಮ್ಮ ಕೂಲಿ ಚೀಟಿ ನೋಡಿ ನೀವೇ ಲೆಕ್ಕ ಹಾಕಿಕೊಳ್ಳಿ.

ಇದು ಅರ್ಧ ತೀರಿದ ಸಾಲದ ಕಥೆ. ಸಾಲ ತೆಗೆದ ಹೊಸತರಲ್ಲೇ, 1,00,000 ಪೂರ್ತಿ ಬಾಕಿ ಇರುವಾಗಲೇ ತಡೆ ಬಂದಿದ್ದರೆ, ಅದೇ ಆರು ತಿಂಗಳಲ್ಲಿ 6,150 ರೂಪಾಯಿ ಮೇಲೇರುತ್ತಿತ್ತು. ಬಡ್ಡಿಯ ದರ ಹೆಚ್ಚಿದ್ದರೆ ಏರುವುದೂ ಹೆಚ್ಚು. ಗುಂಪು ಸಾಲದವರು ವರ್ಷಕ್ಕೆ ನೂರಕ್ಕೆ 24ರಂತೆ ಹಾಕಿದರೆ, 30,000 ರೂಪಾಯಿ ಬಾಕಿ ಆರು ತಿಂಗಳಲ್ಲಿ ಸುಮಾರು 33,780 ಆಗುತ್ತದೆ. ನೆನಪಿಡಿ: ಬಾಕಿ ದೊಡ್ಡದಾದಷ್ಟೂ, ದರ ಏರಿದಷ್ಟೂ, ತಡೆ ಉದ್ದವಾದಷ್ಟೂ ಮೊರಟೋರಿಯಂ ದುಬಾರಿ.

ಇಲ್ಲಿ ಯಾರಾದರೂ ಎದ್ದುನಿಂತು ನಮಗೆ ಎದುರು ಹೇಳಬಹುದು: "ಸುಪ್ರೀಂ ಕೋರ್ಟು ಬಡ್ಡಿಯನ್ನು ತೆಗೆಸಿಹಾಕಲಿಲ್ಲವೇ? ಸರಕಾರ ಹಣ ಹಿಂದಕ್ಕೆ ಕೊಡಲಿಲ್ಲವೇ? ನೀವು ಅದನ್ನೇಕೆ ಮುಚ್ಚಿಡುತ್ತೀರಿ?" ಮುಚ್ಚಿಡುವುದಿಲ್ಲ, ಅದನ್ನೂ ಬಿಚ್ಚಿಯೇ ನೋಡೋಣ.

2020ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಒಂದು ಯೋಜನೆ ತಂದಿತು. ಎರಡು ಕೋಟಿ ರೂಪಾಯಿಯ ತನಕದ ಕೆಲವು ಬಗೆಯ ಸಾಲಗಳಿಗೆ, ಆ ಆರು ತಿಂಗಳ ಚಕ್ರಬಡ್ಡಿಗೂ ಸರಳಬಡ್ಡಿಗೂ ಇರುವ ವ್ಯತ್ಯಾಸವನ್ನು ತಾನು ಕೊಡುವೆನೆಂದಿತು. ಬೆಳೆ ಸಾಲ ಅದರಲ್ಲಿ ಸೇರಿರಲಿಲ್ಲ. ಆಮೇಲೆ 2021ರ ಮಾರ್ಚ್ 23ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, ಆ ಅವಧಿಗೆ ಬಡ್ಡಿಯ ಮೇಲೆ ಬಡ್ಡಿಯನ್ನಾಗಲಿ ದಂಡದ ಬಡ್ಡಿಯನ್ನಾಗಲಿ ಯಾವ ಸಾಲಗಾರನಿಂದಲೂ ತೆಗೆದುಕೊಳ್ಳಬಾರದು, ತೆಗೆದುಕೊಂಡಿದ್ದರೆ ಮುಂದಿನ ಕಂತಿಗೆ ಹೊಂದಿಸಬೇಕು ಎಂದಿತು. ಆದರೆ ಅದೇ ತೀರ್ಪಿನಲ್ಲಿ, ಬಡ್ಡಿಯನ್ನು ಪೂರ್ತಿ ಮನ್ನಾ ಮಾಡೆಂದು ಹೇಳಲಾಗದು, ತಡೆಯ ಅವಧಿಯನ್ನು ಬೆಳೆಸೆಂದೂ ಹೇಳಲಾಗದು ಎಂದಿತು.

ಇದರಿಂದ ಮರಿಯಮ್ಮನಿಗೆ ಎಷ್ಟು ಬಂತು? ಅವಳ ಬಾಕಿಯ ಮೇಲೆ ಆರು ತಿಂಗಳ ಚಕ್ರಬಡ್ಡಿ 3,259 ರೂಪಾಯಿ. ಸರಳಬಡ್ಡಿಯಾದರೆ 3,179 ರೂಪಾಯಿ. ವ್ಯತ್ಯಾಸ 80 ರೂಪಾಯಿ! ಪತ್ರಿಕೆಗಳಲ್ಲಿ ದಪ್ಪ ಅಕ್ಷರದಲ್ಲಿ ಬಂದ, ಟೀವಿಯಲ್ಲಿ ದಿನವಿಡೀ ಚರ್ಚೆಯಾದ ಪರಿಹಾರ ನಮ್ಮ ಲೈನ್ ಮನೆಗೆ ಬಂದು ತಲುಪುವಾಗ ಎಂಬತ್ತು ರೂಪಾಯಿ. ಉಳಿದ 3,179 ಅವಳ ತಲೆಯ ಮೇಲೆಯೇ ಉಳಿಯಿತು. ಕೋರ್ಟನ್ನು ನಾವು ದೂರುವುದಿಲ್ಲ; ಕಾನೂನಿನ ಒಂದು ನ್ಯಾಯವನ್ನು ಅದು ಎತ್ತಿಹಿಡಿಯಿತು. ನಮ್ಮ ದೂರು, ಆ ಎಂಬತ್ತು ರೂಪಾಯಿಯನ್ನು ತೋರಿಸಿ "ಬಡ್ಡಿ ಹೋಯಿತು" ಎಂದು ಹೇಳಿಕೊಂಡು ತಿರುಗಿದವರ ಮೇಲೆ.

ಹಾಗಾದರೆ ಮೊರಟೋರಿಯಂ ಬೇಡವೇ ಬೇಡವೆ? ಹಾಗೆ ಹೇಳಿದರೆ ನಾವೂ ಆ ಮೈಕಿನವನ ಹಾಗೆಯೇ ಅರ್ಧ ಸತ್ಯ ಹೇಳಿದಂತಾದೀತು. ಅದರಿಂದ ಸಿಗುವ ಉಪಕಾರ ನಿಜವಾದದ್ದು. ಸಾಧಾರಣ ಕಾಲದಲ್ಲಿ ಕಂತು 90 ದಿನ ಬಾಕಿಬಿದ್ದರೆ ಬ್ಯಾಂಕು ಆ ಖಾತೆಯನ್ನು ಕೆಟ್ಟ ಸಾಲವೆಂದು ಬರೆದಿಡುತ್ತದೆ. ಹೆಸರು ಸಾಲದ ದಾಖಲೆ ಇಡುವ ಕಂಪೆನಿಗಳಿಗೆ ಹೋಗುತ್ತದೆ, ಮುಂದೆ ಮಗನ ಓದಿಗೆ ಸಾಲ ಕೇಳಿದಾಗ ಆ ಕಲೆ ಎದ್ದುಬರುತ್ತದೆ. ಮೊರಟೋರಿಯಂ ಕೊಟ್ಟ ಅವಧಿಯ ದಿನಗಳನ್ನು ಆ 90 ದಿನಗಳಲ್ಲಿ ಎಣಿಸಲಿಲ್ಲ. ಕಂತು ತಪ್ಪಿಸಿದವನೆಂದು ಬರೆಯಲೂ ಇಲ್ಲ. ಅವಧಿಯಲ್ಲಿ ದಂಡ ಇಲ್ಲ, ಜಪ್ತಿಗೆ ಬರುವಂತಿಲ್ಲ. ಒಲೆಯ ಮೇಲೆ ಇಡಲು ಅಕ್ಕಿಯಿಲ್ಲದ ತಿಂಗಳಲ್ಲಿ 4,707 ರೂಪಾಯಿ ಕೈಯಲ್ಲಿ ಉಳಿಯುವುದು ಸಣ್ಣ ಮಾತಲ್ಲ. ಬೇರೆ ದಾರಿಯಿಲ್ಲದವರು, ಕಂತು ಕಟ್ಟಲು ಬಡ್ಡಿ ಅಂಗಡಿಗೆ ಹೋಗಬೇಕಾದವರು ಮೊರಟೋರಿಯಂನ್ನು ಒಪ್ಪಿಕೊಳ್ಳುವುದೇ ಮೇಲು. ಆದರೆ ಅದು ಬೆಲೆ ತೆತ್ತು ಕೊಂಡ ಕಾಲ ಎಂದು ತಿಳಿದು ಒಪ್ಪಿಕೊಳ್ಳಬೇಕು. ಕಟ್ಟುವ ಶಕ್ತಿಯಿರುವವರು "ಹೇಗೂ ರಜೆ ಕೊಟ್ಟಿದ್ದಾರೆ" ಎಂದು ಕಂತು ನಿಲ್ಲಿಸುವುದು ಕೈಯಾರೆ ನಷ್ಟ ಮಾಡಿಕೊಳ್ಳುವುದು.

ಇವೆರಡರ ನಡುವೆ ಮೂರನೆಯ ದಾರಿಯೂ ಉಂಟು. ಪೂರ್ತಿ ಕಂತು ಆಗದಿದ್ದರೂ ತಿಂಗಳ ಬಡ್ಡಿಯನ್ನಷ್ಟೇ ಕಟ್ಟಲು ಸಾಧ್ಯವೇ ಎಂದು ಕೇಳಿ. ಮರಿಯಮ್ಮನ ಲೆಕ್ಕದಲ್ಲಿ ಅದು ತಿಂಗಳಿಗೆ 530 ರೂಪಾಯಿ. ಅಷ್ಟನ್ನು ಕಟ್ಟುತ್ತಾ ಹೋಗಿದ್ದರೆ ಆರು ತಿಂಗಳ ಕೊನೆಗೆ ಬಾಕಿ 52,980ರಲ್ಲೇ ನಿಂತಿರುತ್ತಿತ್ತು, ಚಕ್ರಬಡ್ಡಿಯ ಚಕ್ರ ತಿರುಗುತ್ತಿರಲಿಲ್ಲ. ಕಟ್ಟಿದ್ದಕ್ಕೆ ರಸೀದಿ ತೆಗೆದುಕೊಳ್ಳಬೇಕು.

ಮೊರಟೋರಿಯಂನಿಂದ ನಿರೀಕ್ಷಿಸಬಾರದ ಇನ್ನೂ ಎರಡು ಸಂಗತಿಗಳಿವೆ. ಹಳೆಯ ಬಾಕಿಯನ್ನು ಅದು ಅಳಿಸುವುದಿಲ್ಲ. 2020ರಲ್ಲಿ ಮಾರ್ಚ್ 1ಕ್ಕೆ ಮೊದಲೇ ಬಾಕಿಬಿದ್ದ ಕಂತು ಬಾಕಿಯಾಗಿಯೇ ಉಳಿಯಿತು. ಅಷ್ಟರೊಳಗೇ ಕೆಟ್ಟ ಸಾಲವೆಂದು ಬರೆದಿಟ್ಟ ಖಾತೆಗೆ 90 ದಿನಗಳ ಎಣಿಕೆಯ ಆ ನೆರಳು ಸಿಗಲಿಲ್ಲ. ಇನ್ನೊಂದು, ಪ್ರಕಟಣೆ ಹೊರಟ ಮಾತ್ರಕ್ಕೆ ಯಂತ್ರ ನಿಲ್ಲುವುದಿಲ್ಲ. ಖಾತೆಯಿಂದ ತಾನಾಗಿಯೇ ಕಂತು ಮುರಿದುಕೊಳ್ಳುವಂತೆ ನಾವು ಸಹಿ ಹಾಕಿ ಕೊಟ್ಟಿರುತ್ತೇವೆ. ಆ ಆದೇಶವನ್ನು ಯಾರಾದರೂ ಕೈಯಿಟ್ಟು ತಡೆಯುವ ತನಕ ಯಂತ್ರವು ತನ್ನ ತಾರೀಖಿಗೆ ಸರಿಯಾಗಿ ಮುರಿಯುತ್ತಲೇ ಇರುತ್ತದೆ.

ಇದು ಎಂಥ ಘೋರವನ್ನು ಮಾಡಬಲ್ಲುದೆಂಬುದನ್ನು ವಯನಾಡಿನಲ್ಲಿ ಕಂಡೆವು. 2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಪಂಚಾಯತಿನ ಪುಂಚಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಇಳಿದು ಬಂತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ತೋಟದ ಪಾಡಿಗಳಲ್ಲಿ ಮಲಗಿದ್ದ ನಮ್ಮಂಥ ಕೂಲಿ ಕುಟುಂಬಗಳವರೂ ಇದ್ದರು. ಉಳಿದವರಿಗೆ ಸರಕಾರ ತುರ್ತಿಗೆಂದು 10,000 ರೂಪಾಯಿ ಖಾತೆಗೆ ಹಾಕಿತು. ಆ ಹಣ ಖಾತೆಗೆ ಬಿದ್ದದ್ದೇ ತಡ, ಒಂದು ಬ್ಯಾಂಕಿನಲ್ಲಿ ಕೆಲವರ ಕಂತು ಅದರಿಂದ ಮುರಿದುಹೋಯಿತು. ಮನೆ ಹೋದವರ, ಮಕ್ಕಳನ್ನು ಹೂತವರ ಅನ್ನದ ಹಣದಿಂದ ಕಂತು! ಜನ ರೇಗಿ ಬ್ಯಾಂಕಿನ ಮುಂದೆ ನಿಂತ ಮೇಲೆ ಅದನ್ನು ಹಿಂದಕ್ಕೆ ಹಾಕಿದರು. ಯಂತ್ರದ ತಪ್ಪೆಂದು ಸಬೂಬು ಹೇಳುವುದು ಸುಲಭ. ಆದರೆ ಯಂತ್ರಕ್ಕೆ ಆದೇಶ ಕೊಡುವವರು ಮನುಷ್ಯರು. ದುರಂತದ ಮರುದಿನವೇ ಅದನ್ನು ತಡೆಯಬೇಕೆಂಬ ಬುದ್ಧಿ ಮನುಷ್ಯರಿಗೆ ಬರಲಿಲ್ಲ.

ನಮ್ಮ ಮುಖ್ಯ ತಕರಾರು ಇಲ್ಲಿದೆ. ಪ್ರಕೃತಿ ವಿಕೋಪದ ಕಾಲದಲ್ಲಿ ಬ್ಯಾಂಕುಗಳು ಏನು ಮಾಡಬೇಕೆಂದು ರಿಸರ್ವ್ ಬ್ಯಾಂಕು 2018ರಲ್ಲಿ ನಿರ್ದೇಶನ ಕೊಟ್ಟಿತ್ತು. ವಯನಾಡಿನಲ್ಲಿ ಗುಡ್ಡ ಜರಿದಾಗ ಅದೇ ಜಾರಿಯಲ್ಲಿತ್ತು. ಅದರಲ್ಲಿದ್ದದ್ದು ಸಾಲದ ಮರುಹೊಂದಾಣಿಕೆ, ತೀರಿಸಲು ಹೆಚ್ಚು ವರ್ಷ, ಮೊರಟೋರಿಯಂ ಮತ್ತು ಹೊಸ ಸಾಲ. ಮನ್ನಾ ಅದರಲ್ಲಿರಲಿಲ್ಲ. ಮಣ್ಣಿನಡಿ ಹೋದ ಮನೆಯ ಸಾಲಕ್ಕೂ ಅದೇ ಮದ್ದು, ಒಂದು ಬೆಳೆ ಹಾಳಾದವನಿಗೂ ಅದೇ ಮದ್ದು.

ತಡೆ ಎಂಬುದು ತಾತ್ಕಾಲಿಕವಾದ ಕಷ್ಟಕ್ಕೆ ಮದ್ದು. ಈ ತಿಂಗಳು ಕೂಲಿಯಿಲ್ಲ, ಆರು ತಿಂಗಳಲ್ಲಿ ತೋಟ ತೆರೆಯುತ್ತದೆ, ಆಗ ಕೂಲಿ ಬರುತ್ತದೆ ಎನ್ನುವವನಿಗೆ ಕಾಲಾವಕಾಶ ಕೊಡುವುದರಲ್ಲಿ ಅರ್ಥವಿದೆ. ಆದರೆ ದುಡಿಯುವ ಗಂಡ ಹೋದ, ಸಾಲ ತೆಗೆದು ಕಟ್ಟಿದ ಮನೆ ಹೋಯಿತು, ಮನೆ ನಿಂತಿದ್ದ ನೆಲವೇ ಹೋಯಿತು. ಅವಳಿಗೆ ಒಂದು ವರ್ಷ ಬಿಟ್ಟು ಕಟ್ಟು ಎಂದರೆ, ಒಂದು ವರ್ಷದ ಮೇಲೆ ಅವಳಿಗೆ ಏನು ಬರುತ್ತದೆ? ಬಾಕಿ ಬೆಳೆದಿರುತ್ತದೆ, ಅಷ್ಟೇ. ಇಲ್ಲದ ಮನೆಗೆ ಬೆಳೆಯುತ್ತಿರುವ ಸಾಲ. ಇಂಥವರ ಸಾಲವನ್ನು ಪೂರ್ತಿ ಮನ್ನಾ ಮಾಡಬೇಕೆಂದು ಕೇರಳದ ಮುಖ್ಯಮಂತ್ರಿಯೇ 2024ರ ಆಗಸ್ಟಿನಲ್ಲಿ ಬ್ಯಾಂಕುಗಳ ಸಭೆಯಲ್ಲಿ ಕೇಳಿದರು. ರಾಜ್ಯದ ಸಹಕಾರಿ ಬ್ಯಾಂಕಾದ ಕೇರಳ ಬ್ಯಾಂಕು ತನ್ನ ಚೂರಲ್‌ಮಲೆ ಶಾಖೆಯ ದುರಂತಪೀಡಿತರ ಸಾಲವನ್ನು ಮನ್ನಾ ಮಾಡಿಯೂ ತೋರಿಸಿತು. ಮನಸ್ಸಿದ್ದರೆ ಬ್ಯಾಂಕು ಬದುಕಿಕೊಂಡೇ ಮನ್ನಾ ಮಾಡಬಹುದೆಂಬುದಕ್ಕೆ ಇದೇ ಸಾಕ್ಷಿ.

ಕೇಂದ್ರ ಸರಕಾರ ಮಾತ್ರ ಹೈಕೋರ್ಟಿನ ಮುಂದೆ, ಮರುಹೊಂದಾಣಿಕೆ ಮತ್ತು ಮೊರಟೋರಿಯಂಗೆ ಮಾತ್ರ ನಿಯಮದಲ್ಲಿ ದಾರಿಯಿದೆ ಎಂದಿತು. ಮನ್ನಾದ ಪ್ರಶ್ನೆಯನ್ನು ಮತ್ತೆ ಯೋಚಿಸಿ ಎಂದು ನ್ಯಾಯಾಧೀಶರು ಹೇಳಿದರು. 2005ರ ವಿಪತ್ತು ನಿರ್ವಹಣೆ ಕಾಯಿದೆಯ 13ನೆಯ ಕಲಮು ಭಾರೀ ವಿಪತ್ತಿನಲ್ಲಿ ಸಾಲ ಮರುಪಾವತಿಗೆ ರಿಯಾಯಿತಿ ಶಿಫಾರಸು ಮಾಡುವ ಅಧಿಕಾರವನ್ನು ರಾಷ್ಟ್ರೀಯ ಪ್ರಾಧಿಕಾರಕ್ಕೆ ಕೊಟ್ಟಿತ್ತು. ಪ್ರಶ್ನೆ ಕೋರ್ಟಿನಲ್ಲಿ ಇರುವಾಗಲೇ, 2025ರ ತಿದ್ದುಪಡಿಯಲ್ಲಿ ಆ ಕಲಮನ್ನೇ ಕಾಯಿದೆಯಿಂದ ತೆಗೆದುಹಾಕಲಾಯಿತು. ಬಾಗಿಲು ತಟ್ಟುವ ಸದ್ದು ಕೇಳುತ್ತಿರುವಾಗ ಬಾಗಿಲನ್ನೇ ಗೋಡೆ ಮಾಡಿದ ಹಾಗಾಯಿತು. ಹೀಗೆ ಮಾಡಿದವರು ಮೊರಟೋರಿಯಂನ್ನು ದಯೆ ಎಂದು ಕರೆದರೆ ನಾವು ನಂಬಬೇಕೇ?

ಇನ್ನು ನಮ್ಮ ಹೆಣ್ಣುಮಕ್ಕಳ ಗುಂಪು ಸಾಲದ ವಿಷಯ. ಹಣಕಾಸು ಕಂಪೆನಿಯ ಹುಡುಗ ವಾರವಾರ ಬರುತ್ತಾನೆ. ಮೊರಟೋರಿಯಂ ಎಂದರೆ, "ಅದೆಲ್ಲ ಬ್ಯಾಂಕಿಗೆ ಅಕ್ಕಾ, ನಮಗಲ್ಲ. ನೀವು ಕೊಡದಿದ್ದರೆ ಉಳಿದ ನಾಲ್ವರು ಕೊಡಬೇಕು" ಎನ್ನುತ್ತಾನೆ. ನೆರೆಯವಳ ಮುಖವನ್ನು ನೋಡಲಾಗದೆ ನಮ್ಮವಳು ತಾಳಿಯ ಗುಂಡನ್ನು ಅಡವಿಟ್ಟು ಕೊಡುತ್ತಾಳೆ. 2020ರ ತಡೆ ನೋಂದಾಯಿತ ಕಿರುಸಾಲ ಕಂಪೆನಿಗಳಿಗೂ ಅನ್ವಯಿಸಿತ್ತು. ಕೊಡುವುದೋ ಬಿಡುವುದೋ ಕಂಪೆನಿಯ ತೀರ್ಮಾನವಾಗಿತ್ತು. ಆದ್ದರಿಂದ ಹುಡುಗನ ಬಾಯಿಮಾತನ್ನು ಒಪ್ಪಬಾರದು. "ನಿಮ್ಮ ಕಂಪೆನಿ ಏನು ತೀರ್ಮಾನಿಸಿದೆಯೋ ಅದನ್ನು ಬರಹದಲ್ಲಿ ಕೊಡು ತಮ್ಮಾ" ಎಂದು ಕೇಳಬೇಕು.

ಮೊರಟೋರಿಯಂ ಇರಲಿ ಇಲ್ಲದಿರಲಿ, ರಿಸರ್ವ್ ಬ್ಯಾಂಕಿನ ಕಿರುಸಾಲ ನಿಯಮಗಳು ಕೆಲವು ಮಾತುಗಳನ್ನು ಕಟ್ಟುನಿಟ್ಟಾಗಿ ಹೇಳಿವೆ. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ಆಗಬೇಕು. ಸಾಲಗಾರಳು ಸತತವಾಗಿ ಎರಡು ಸಲವಾದರೂ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಅಥವಾ ಕೆಲಸದ ಜಾಗಕ್ಕೆ ಬರಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಸಾಲಗಾರರಿಗೆ ಕರೆ ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ನೆಂಟರನ್ನೂ ಜೊತೆ ಕೆಲಸಗಾರರನ್ನೂ ಕಾಡುವುದು ಕೂಡದು. ಸಾಲದ ವಿವರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು.

ಮುಂದಿನ ಸಲ ಈ ಪದ ನಿಮ್ಮ ಕಿವಿಗೆ ಬಿದ್ದಾಗ ಚಪ್ಪಾಳೆ ತಟ್ಟುವ ಮೊದಲು ಸಾಲದ ಪುಸ್ತಕ ಹಿಡಿದು ಕೌಂಟರಿಗೆ ಹೋಗಿ. ಒಂದು, ನನ್ನ ಸಾಲಕ್ಕೆ ಇದು ಅನ್ವಯಿಸುತ್ತದೆಯೇ, ನಾನು ಅರ್ಜಿ ಕೊಡಬೇಕೇ? ಎರಡು, ಈ ತಿಂಗಳುಗಳಲ್ಲಿ ಬಡ್ಡಿ ಎಷ್ಟು ಏರುತ್ತದೆ, ಅದನ್ನು ಅಸಲಿಗೆ ಸೇರಿಸುತ್ತೀರಾ? ಮೂರು, ಅವಧಿ ಮುಗಿದ ಮೇಲೆ ಕಂತು ದೊಡ್ಡದಾಗುತ್ತದೆಯೇ, ಕಂತುಗಳ ಸಂಖ್ಯೆ ಹೆಚ್ಚುತ್ತದೆಯೇ? ನಾಲ್ಕು, ಖಾತೆಯಿಂದ ತಾನಾಗಿ ಮುರಿಯುವುದನ್ನು ಯಾವ ತಾರೀಖಿನಿಂದ ನಿಲ್ಲಿಸುತ್ತೀರಿ? ಈ ನಾಲ್ಕನ್ನೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಓದುಬರಹ ಬಾರದಿದ್ದರೆ ಓದಿದ ಮಗಳನ್ನು ಜೊತೆಗೆ ಕರೆದೊಯ್ಯಿರಿ. ಅರ್ಜಿ ಕೊಟ್ಟರೆ ಅದರ ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ.

ವೇದಿಕೆ ಏರುವ ಮುಖಂಡರಿಗೆ, ನಮ್ಮ ಸಂಘಗಳ ನಾಯಕರಿಗೂ ಸೇರಿಸಿಯೇ, ಒಂದು ಮಾತು. ತಂದದ್ದು ತಡೆಯಾದರೆ ತಡೆ ಎನ್ನಿ. "ಆರು ತಿಂಗಳು ಕಂತು ಇಲ್ಲ, ಆದರೆ ಬಡ್ಡಿ ಏರುತ್ತದೆ" ಎಂದು ಅದೇ ಉಸಿರಿನಲ್ಲಿ ಹೇಳಿ. ಚಪ್ಪಾಳೆ ಸ್ವಲ್ಪ ಕಡಿಮೆಯಾದೀತು, ಆಗಲಿ. ತಡೆಯ ಅವಧಿಯ ಬಡ್ಡಿಯನ್ನು ಸರಕಾರವೋ ಬ್ಯಾಂಕೋ ಹೊರಬೇಕೆಂದು ಕೇಳಿ. ದುಡಿಮೆಯೇ ಮಣ್ಣಾದವರಿಗೆ ಮನ್ನಾ ಕೇಳಿ. ಅದನ್ನು ಕೇಳುವ ಧೈರ್ಯವಿಲ್ಲದೆ, ಜನರಿಗೆ ತಿಳಿಯದ ಪದವೊಂದನ್ನು ಹೂಮಾಲೆಯ ಹಾಗೆ ಕೊರಳಿಗೆ ಹಾಕಿ ಹೋಗಬೇಡಿ. ಆ ಹೂಮಾಲೆಯ ದಾರ ಆರು ತಿಂಗಳ ಮೇಲೆ ಕೊರಳನ್ನು ಬಿಗಿಯುವಾಗ ನೀವು ಅಲ್ಲಿರುವುದಿಲ್ಲ. ಮರಿಯಮ್ಮ ಮಾತ್ರ ಹದಿಮೂರನೆಯ ಕಂತನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೌಂಟರಿನ ಸಾಲಿನಲ್ಲಿ ನಿಂತಿರುತ್ತಾಳೆ.